ಬೆಲ್ಟ್ ಜಾರಿದಾಗ ಕಳೆದುಹೋಗುವುದು ಯಾವುದು?

ಒಂದು ಸಣ್ಣ ಪುಲ್ಲಿ, ಒಂದು ದೊಡ್ಡ ಪುಲ್ಲಿ, ಎರಡನ್ನೂ ಬಳಸಿಕೊಂಡು ಓಡುವ ಒಂದು ಚಪ್ಪಟೆ ಬೆಲ್ಟ್. ಸಣ್ಣದು ಮೋಟಾರಿನ ಅಚ್ಚಿನ ಮೇಲಿದೆ, ಅದರ ತ್ರಿಜ್ಯ 4 ಸೆಂಟಿಮೀಟರ್. ದೊಡ್ಡದು ಯಂತ್ರದ ಅಚ್ಚಿನ ಮೇಲಿದೆ, ತ್ರಿಜ್ಯ 16 ಸೆಂಟಿಮೀಟರ್. ದೊಡ್ಡ ಪುಲ್ಲಿ ಎಷ್ಟು ವೇಗವಾಗಿ ತಿರುಗುತ್ತದೆ ಎಂದು ಕೇಳಿದರೆ ಪ್ರೌಢಶಾಲೆಯ ಹುಡುಗಿಯೂ ಸಣ್ಣದರ ಕಾಲು ಭಾಗ ಎನ್ನುತ್ತಾಳೆ. ಅದಕ್ಕೆ ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ ಎಷ್ಟು ಎಂದರೆ ನಾಲ್ಕು ಪಟ್ಟು ಎಂಬ ಉತ್ತರವೂ ಹಿಂದೆಯೇ ಬರುತ್ತದೆ. ಎರಡೂ ಸರಿಯೇ. ಆದರೆ ಎರಡೂ ಒಂದೇ ಕಾರಣದಿಂದ ಸರಿ ಎಂದುಕೊಂಡರೆ ಎಡವುತ್ತೇವೆ. ವೇಗದ ಲೆಕ್ಕ ನಿಂತಿರುವುದು ಬೆಲ್ಟ್ ಜಾರುವುದಿಲ್ಲ ಎಂಬ ನಂಬಿಕೆಯ ಮೇಲೆ. ಟಾರ್ಕಿನ ಲೆಕ್ಕಕ್ಕೆ ಆ ನಂಬಿಕೆಯ ಹಂಗೇ ಇಲ್ಲ.

ಮೊದಲು ವೇಗವನ್ನು ನೋಡೋಣ. ಬೆಲ್ಟ್ ಹಿಗ್ಗುವುದಿಲ್ಲ, ಜಾರುವುದಿಲ್ಲ ಎಂದು ಸದ್ಯಕ್ಕೆ ಒಪ್ಪಿಕೊಂಡರೆ, ಅದರ ಹಾದಿಯ ಯಾವ ಜಾಗದಲ್ಲಿ ನಿಂತು ನೋಡಿದರೂ ಒಂದು ಸೆಕೆಂಡಿನಲ್ಲಿ ಒಂದೇ ಉದ್ದದ ಬೆಲ್ಟ್ ದಾಟಿ ಹೋಗಬೇಕು. ಇಲ್ಲದಿದ್ದರೆ ಬೆಲ್ಟ್ ಒಂದು ಕಡೆ ಗುಡ್ಡೆ ಬೀಳಬೇಕಾಗುತ್ತದೆ, ಇನ್ನೊಂದು ಕಡೆ ಹರಿಯಬೇಕಾಗುತ್ತದೆ. ಹಾಗಾಗಿ ಎರಡೂ ಪುಲ್ಲಿಗಳ ಅಂಚು ಒಂದೇ ವೇಗದಲ್ಲಿ ಸಾಗುತ್ತದೆ. ಸಣ್ಣ ಪುಲ್ಲಿ ಒಂದು ಸುತ್ತು ಹಾಕಿದಾಗ ಸುಮಾರು 25 ಸೆಂಟಿಮೀಟರ್ ಬೆಲ್ಟನ್ನು ಎಳೆದುಕೊಳ್ಳುತ್ತದೆ. ದೊಡ್ಡ ಪುಲ್ಲಿಗೆ ಒಂದು ಸುತ್ತು ಪೂರೈಸಲು ಸುಮಾರು 100 ಸೆಂಟಿಮೀಟರ್ ಬೇಕು. ಸಣ್ಣದು ನಾಲ್ಕು ಸುತ್ತು ಹಾಕುವವರೆಗೆ ದೊಡ್ಡದರ ಒಂದು ಸುತ್ತು ಮುಗಿಯುವುದಿಲ್ಲ. ಕೋನೀಯ ವೇಗ ಮತ್ತು ತ್ರಿಜ್ಯದ ಗುಣಲಬ್ಧ ಎರಡೂ ಕಡೆ ಒಂದೇ ಎಂದು ಪಠ್ಯಪುಸ್ತಕ ಹೇಳುವುದು ಇದನ್ನೇ: ω₁r₁ = ω₂r₂. ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗಿದರೆ ಯಂತ್ರ 360 ಸುತ್ತು ತಿರುಗುತ್ತದೆ.

ಇಲ್ಲಿ ಒಂದು ಗೊಂದಲವನ್ನು ದಾಟಿಬಿಡಬೇಕು. ಇದೇ ಎರಡು ಪುಲ್ಲಿಗಳನ್ನು ಒಂದೇ ಅಚ್ಚಿಗೆ ಬಿಗಿದರೆ ಕಥೆ ತಲೆಕೆಳಗಾಗುತ್ತದೆ. ಆಗ ಎರಡರ ಕೋನೀಯ ವೇಗ ಒಂದೇ, ಅಂಚಿನ ವೇಗ ಬೇರೆ ಬೇರೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರು ಹೆಚ್ಚಾಗಿ ಈ ಎರಡು ಜೋಡಣೆಗಳನ್ನು ಬೆರೆಸಿಬಿಟ್ಟಿರುತ್ತಾರೆ.

ಈಗ ಟಾರ್ಕ್. ಬೆಲ್ಟನ್ನು ಬಿಗಿಯಾಗಿ ತೊಡಿಸಿದ್ದೇವೆ, ಒಂದೇ ಬೆಲ್ಟ್ ಆದ್ದರಿಂದ ಅದರ ಎಳೆತ ಎಲ್ಲ ಕಡೆಯೂ ಒಂದೇ ಎಂದು ಮನಸ್ಸು ಹೇಳುತ್ತದೆ. ಯಂತ್ರ ನಿಂತಿರುವಾಗ ಅದು ಹೆಚ್ಚುಕಡಿಮೆ ನಿಜ. ಓಡುವಾಗಲೂ ಹಾಗೆಯೇ ಇದ್ದರೆ ಯಂತ್ರ ಅಲುಗಾಡುವುದೇ ಇಲ್ಲ! ದೊಡ್ಡ ಪುಲ್ಲಿಯ ಮೇಲ್ಭಾಗದಿಂದ ಒಂದು ಎಳೆ ಹೊರಡುತ್ತದೆ, ಕೆಳಭಾಗದಿಂದ ಇನ್ನೊಂದು. ಎರಡೂ ಮೋಟಾರಿನ ಕಡೆಗೇ ಎಳೆಯುತ್ತವೆ, ಆದರೆ ಒಂದು ಪುಲ್ಲಿಯನ್ನು ಬಲಕ್ಕೆ ತಿರುಗಿಸಲು ನೋಡಿದರೆ ಇನ್ನೊಂದು ಎಡಕ್ಕೆ. ಎಳೆತ ಸಮವಾಗಿದ್ದರೆ ತಿರುಗಿಸುವ ಪರಿಣಾಮ ಸೊನ್ನೆ. ಅಚ್ಚನ್ನು ಮೋಟಾರಿನತ್ತ ಜಗ್ಗುವುದಷ್ಟೇ ಉಳಿಯುತ್ತದೆ.

ಹಾಗಾಗಿ ಕೆಲಸ ಮಾಡುವುದು ಎಳೆತವಲ್ಲ, ಎಳೆತಗಳ ವ್ಯತ್ಯಾಸ. ಮೋಟಾರಿನ ಪುಲ್ಲಿ ತನ್ನತ್ತ ಸೆಳೆದುಕೊಳ್ಳುವ ಎಳೆ ಬಿಗಿಯುತ್ತದೆ, ತನ್ನಿಂದ ಹೊರಗೆ ಬಿಡುವ ಎಳೆ ಸಡಿಲಗೊಳ್ಳುತ್ತದೆ. ನಮ್ಮ ಮೋಟಾರು 750 ವಾಟ್ ಸಾಮರ್ಥ್ಯ ಕೊಡುತ್ತಿದೆ ಎಂದುಕೊಳ್ಳಿ. ನಿಮಿಷಕ್ಕೆ 1440 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 151 ರೇಡಿಯನ್. ಸಾಮರ್ಥ್ಯವನ್ನು ಕೋನೀಯ ವೇಗದಿಂದ ಭಾಗಿಸಿದರೆ ಟಾರ್ಕ್ ಸಿಗುತ್ತದೆ: ಸುಮಾರು 5 ನ್ಯೂಟನ್-ಮೀಟರ್. ಇದನ್ನು 0.04 ಮೀಟರ್ ತ್ರಿಜ್ಯದಿಂದ ಭಾಗಿಸಿದರೆ ಬಿಗಿ ಎಳೆ ಮತ್ತು ಸಡಿಲ ಎಳೆಗಳ ನಡುವಿನ ವ್ಯತ್ಯಾಸ 125 ನ್ಯೂಟನ್ ಎಂದಾಗುತ್ತದೆ, ಅಂದರೆ ಹದಿಮೂರು ಕಿಲೋಗಿಂತ ತುಸು ಕಡಿಮೆ ತೂಕ.

ಅದೇ ಎರಡು ಎಳೆಗಳು ದೊಡ್ಡ ಪುಲ್ಲಿಯನ್ನೂ ಮುಟ್ಟುತ್ತವೆ. ಅಲ್ಲಿಯೂ ವ್ಯತ್ಯಾಸ 125 ನ್ಯೂಟನ್ನೇ. ಆದರೆ ಅದು ಈಗ ಅಚ್ಚಿನಿಂದ 0.16 ಮೀಟರ್ ದೂರದಲ್ಲಿ ಕೆಲಸ ಮಾಡುತ್ತದೆ. ಟಾರ್ಕ್ 20 ನ್ಯೂಟನ್-ಮೀಟರ್. ನಾಲ್ಕು ಪಟ್ಟು ಬಂದದ್ದು ಹೀಗೆ. ವೇಗ ಕಾಲು ಭಾಗಕ್ಕೆ ಇಳಿದಿರುವುದರಿಂದ ಸಾಮರ್ಥ್ಯ ಮಾತ್ರ ಇದ್ದಷ್ಟೇ ಇದೆ. ಗಮನಿಸಿ, ಈ ಲೆಕ್ಕದಲ್ಲಿ ಬೆಲ್ಟ್ ಜಾರುತ್ತಿದೆಯೇ ಇಲ್ಲವೇ ಎಂದು ನಾವು ಎಲ್ಲಿಯೂ ಕೇಳಲಿಲ್ಲ. ಎರಡೂ ಪುಲ್ಲಿಗಳನ್ನು ಎಳೆಯುವುದು ಅವೇ ಎರಡು ಎಳೆಗಳು ಎಂಬುದಷ್ಟೇ ಸಾಕಾಯಿತು.

ಜಾರುವುದು ಯಾವಾಗ? ಬೆಲ್ಟನ್ನು ಪುಲ್ಲಿಗೆ ಹಿಡಿದಿಡುವುದು ಘರ್ಷಣೆ. ಕಂಬಕ್ಕೆ ಸುತ್ತಿದ ಹಗ್ಗದ ಒಂದು ತುದಿಯನ್ನು ಮೆಲ್ಲಗೆ ಹಿಡಿದರೂ ಇನ್ನೊಂದು ತುದಿಯ ಭಾರೀ ಎಳೆತವನ್ನು ತಡೆಯಬಹುದಲ್ಲ, ಅದೇ ತತ್ತ್ವ. 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಹೆಸರಿನಲ್ಲಿರುವ ಸೂತ್ರದ ಪ್ರಕಾರ, ಬಿಗಿ ಎಳೆಯ ಎಳೆತ ಸಡಿಲ ಎಳೆಯ ಎಳೆತಕ್ಕಿಂತ ಹೆಚ್ಚೆಂದರೆ ಎಷ್ಟು ಪಟ್ಟು ಇರಬಹುದು ಎಂಬುದನ್ನು ನಿರ್ಧರಿಸುವುದು ಎರಡೇ ಸಂಗತಿಗಳು: ಘರ್ಷಣಾಂಕ, ಮತ್ತು ಬೆಲ್ಟ್ ಪುಲ್ಲಿಯನ್ನು ತಬ್ಬಿಕೊಂಡಿರುವ ಕೋನ. ಅಚ್ಚರಿಯೆಂದರೆ ಪುಲ್ಲಿಯ ತ್ರಿಜ್ಯಕ್ಕೆ ಈ ಸೂತ್ರದಲ್ಲಿ ಜಾಗವೇ ಇಲ್ಲ.

ಆದರೂ ಹಿಂಬಾಗಿಲಿನಿಂದ ಅದು ಒಳಬರುತ್ತದೆ. ತ್ರಿಜ್ಯಗಳು ಬೇರೆಯಾದಾಗ ಬೆಲ್ಟಿನ ಎಳೆಗಳು ಸಮಾನಾಂತರವಾಗಿರದೆ ಸಣ್ಣ ಪುಲ್ಲಿಯತ್ತ ಕಿರಿದಾಗುತ್ತಾ ಹೋಗುತ್ತವೆ. ಅಚ್ಚುಗಳ ನಡುವೆ 50 ಸೆಂಟಿಮೀಟರ್ ಅಂತರವಿದ್ದರೆ ಬೆಲ್ಟ್ ಸಣ್ಣ ಪುಲ್ಲಿಯನ್ನು 152 ಡಿಗ್ರಿಯಷ್ಟು ಮಾತ್ರ ತಬ್ಬುತ್ತದೆ, ದೊಡ್ಡದನ್ನು 208 ಡಿಗ್ರಿ. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ ಸಣ್ಣ ಪುಲ್ಲಿ ತಾಳುವ ಎಳೆತಗಳ ಅನುಪಾತ 2.2, ದೊಡ್ಡದು ತಾಳುವುದು ಸುಮಾರು 3. ಹಾಗಾಗಿ ಎರಡೂ ಒಂದೇ ವಸ್ತುವಿನಿಂದ ಮಾಡಿದ್ದಾದರೆ ಮೊದಲು ಜಾರುವುದು ಯಾವಾಗಲೂ ಸಣ್ಣ ಪುಲ್ಲಿಯ ಮೇಲೆ. ದೊಡ್ಡ ಪುಲ್ಲಿಯ ಮೇಲ್ಮೈಯನ್ನು ಒರಟುಗೊಳಿಸಿ ಜಾರಾಟ ನಿಲ್ಲಿಸಲು ಹೊರಡುವುದು ವ್ಯರ್ಥ ಶ್ರಮ.

ನಮ್ಮ ಉದಾಹರಣೆಯಲ್ಲಿ 125 ನ್ಯೂಟನ್ ವ್ಯತ್ಯಾಸ ಬೇಕಾದರೆ ಸಡಿಲ ಎಳೆಯಲ್ಲಿ ಕನಿಷ್ಠ 102, ಬಿಗಿ ಎಳೆಯಲ್ಲಿ 227 ನ್ಯೂಟನ್ ಇರಬೇಕು. ಯಂತ್ರ ನಿಂತಿರುವಾಗ ಪ್ರತಿ ಎಳೆಯಲ್ಲೂ ಇವುಗಳ ಸರಾಸರಿ, ಎಂದರೆ ಸುಮಾರು 165 ನ್ಯೂಟನ್ ಇದ್ದರೆ ಸರಿಹೋಗುತ್ತದೆ. ಬೆಲ್ಟ್ ಹಳತಾಗಿ ಹಿಗ್ಗಿ ಆ ಬಿಗಿತ 120ಕ್ಕೆ ಇಳಿದಿದೆ ಎನ್ನಿ. ಆಗ ಸಣ್ಣ ಪುಲ್ಲಿ ಹಿಡಿದಿಡಬಲ್ಲ ವ್ಯತ್ಯಾಸ 91 ನ್ಯೂಟನ್ ಮಾತ್ರ. ಯಂತ್ರಕ್ಕೆ ತಲಪುವ ಟಾರ್ಕ್ 20ರ ಬದಲು 14.5 ನ್ಯೂಟನ್-ಮೀಟರಿಗೇ ನಿಲ್ಲುತ್ತದೆ.

ಮುಂದೇನಾಗುತ್ತದೆ ಎಂಬುದು ಯಂತ್ರದ ಸ್ವಭಾವವನ್ನು ಅವಲಂಬಿಸಿದೆ. ಅದು ಭಾರ ಎತ್ತುವ ಯಂತ್ರವಾಗಿದ್ದರೆ ಎಷ್ಟು ನಿಧಾನವಾಗಿ ಎತ್ತಿದರೂ 20 ನ್ಯೂಟನ್-ಮೀಟರ್ ಬೇಕೇ ಬೇಕು, ಹಾಗಾಗಿ ನಿಂತೇ ಹೋಗುತ್ತದೆ. ಗಾಳಿ ತಳ್ಳುವ ದೊಡ್ಡ ಫ್ಯಾನ್ ಆಗಿದ್ದರೆ ಸ್ವಲ್ಪ ಹೊಂದಿಕೊಳ್ಳುತ್ತದೆ. ಫ್ಯಾನಿಗೆ ಬೇಕಾದ ಟಾರ್ಕ್ ವೇಗದ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, ಅದು ನಿಮಿಷಕ್ಕೆ ಸುಮಾರು 306 ಸುತ್ತಿಗೆ ಬಂದು ನೆಲೆಸುತ್ತದೆ. ಮೋಟಾರು ಮಾತ್ರ 1440ರ ಆಸುಪಾಸಿನಲ್ಲೇ ಇರುತ್ತದೆ. ಹೊರೆ ಇಳಿದದ್ದರಿಂದ ತುಸು ಹೆಚ್ಚಿದರೂ ಅದನ್ನು ಬಿಟ್ಟುಬಿಡೋಣ.

ಈಗ ಅನುಪಾತಗಳನ್ನು ನೋಡಿ. ವೇಗದ ಅನುಪಾತ 4 ಆಗಿ ಉಳಿದಿಲ್ಲ, 4.7 ಆಗಿದೆ. ಟಾರ್ಕ್? ಸಣ್ಣ ಪುಲ್ಲಿಯಲ್ಲಿ 91 ನ್ಯೂಟನ್ನನ್ನು 0.04ರಿಂದ ಗುಣಿಸಿದರೆ 3.64, ದೊಡ್ಡದರಲ್ಲಿ 0.16ರಿಂದ ಗುಣಿಸಿದರೆ ಸುಮಾರು 14.5. ಅನುಪಾತ ಈಗಲೂ ನಾಲ್ಕೇ. ನಿಂತುಹೋದ ಯಂತ್ರದಲ್ಲಿಯೂ, ಬೆಲ್ಟ್ ಕಿರುಚುತ್ತಾ ಸುಡುತ್ತಿರುವಾಗಲೂ, ಅದು ನಾಲ್ಕೇ. ಜಾರಿದ ಬೆಲ್ಟಿನಿಂದ ಟಾರ್ಕ್ ಸೋರಿಹೋಗುವುದಿಲ್ಲ, ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಮಿತಿಗೊಳ್ಳುತ್ತದೆ. ಸೋರಿಹೋಗುವುದು ವೇಗ. ಸಣ್ಣ ಪುಲ್ಲಿಯ ಅಂಚು ಸೆಕೆಂಡಿಗೆ 6 ಮೀಟರ್ ಸಾಗುತ್ತಿದೆ, ಬೆಲ್ಟ್ 5.1 ಮೀಟರ್. ಈ 0.9 ಮೀಟರ್ ಕೊರತೆಯನ್ನು 91 ನ್ಯೂಟನ್ನಿನಿಂದ ಗುಣಿಸಿದರೆ 82 ವಾಟ್. ಅಷ್ಟೂ ಶಾಖವಾಗಿ ಮುಷ್ಟಿ ಗಾತ್ರದ ಆ ಸಣ್ಣ ಪುಲ್ಲಿಯ ಮೇಲೂ ಬೆಲ್ಟಿನ ಒಳಮೈ ಮೇಲೂ ಇಳಿಯುತ್ತದೆ. ರಬ್ಬರ್ ಸುಟ್ಟ ವಾಸನೆ, ಕನ್ನಡಿಯಂತೆ ಹೊಳೆಯುವ ಬೆಲ್ಟಿನ ಒಳಮೈ, ಸಣ್ಣ ಪುಲ್ಲಿ ಬಿಸಿಯಾಗಿ ದೊಡ್ಡದು ತಣ್ಣಗಿರುವುದು, ಇವೆಲ್ಲ ಅದರ ಗುರುತು. ಮುಟ್ಟಿ ನೋಡುವ ಮೊದಲು ಯಂತ್ರ ನಿಲ್ಲಿಸಿ; ನಿಲ್ಲಿಸಿದ ಮೇಲೂ ಬೆರಳು ಸುಡಬಹುದು.

ಈ ಮಾತಿಗೆ ಒಂದು ಷರತ್ತು ಇದೆ. ನಾನು ಹೇಳುತ್ತಿರುವುದು ಬೆಲ್ಟ್ ಪುಲ್ಲಿಗೆ ಕೊಡುವ ಟಾರ್ಕಿನ ಬಗ್ಗೆ, ಅದೂ ವೇಗ ಸ್ಥಿರವಾಗಿರುವಾಗ. ಯಂತ್ರ ಆಗತಾನೆ ಚಾಲೂ ಆಗುತ್ತಿದ್ದರೆ ದೊಡ್ಡ ಪುಲ್ಲಿ ತನ್ನ ಜಡತ್ವವನ್ನು ಮೀರಲು ಒಂದು ಪಾಲನ್ನು ತಾನೇ ಇಟ್ಟುಕೊಳ್ಳುತ್ತದೆ, ಅಚ್ಚಿಗೆ ಉಳಿದದ್ದಷ್ಟೇ ಸಿಗುತ್ತದೆ.

ಇನ್ನು, ಚೆನ್ನಾಗಿ ಬಿಗಿದ ಬೆಲ್ಟ್ ಕೂಡ ಕೊಂಚ ಹಿಂದೆ ಬೀಳುತ್ತದೆ. ಬಿಗಿ ಎಳೆ ಹಿಗ್ಗಿರುತ್ತದೆ, ಸಡಿಲ ಎಳೆ ಅಷ್ಟು ಹಿಗ್ಗಿರುವುದಿಲ್ಲ. ಮೋಟಾರಿನ ಪುಲ್ಲಿಯನ್ನು ಸುತ್ತುವಾಗ ಬೆಲ್ಟ್ ಹಿಗ್ಗಿದ ಸ್ಥಿತಿಯಲ್ಲಿ ಒಳಬಂದು ಕುಗ್ಗುತ್ತಾ ಹೊರಹೋಗುತ್ತದೆ. ಆ ಕುಗ್ಗುವಿಕೆಯಲ್ಲಿ ಅದು ಪುಲ್ಲಿಯ ಮೇಲೆ ಸದ್ದಿಲ್ಲದೆ ತೆವಳುತ್ತದೆ. ಇದು ದೋಷವಲ್ಲ, ಹಿಗ್ಗುವ ವಸ್ತುವಿನ ಸ್ವಭಾವ. ನಷ್ಟ ಶೇಕಡಾ 1ರ ಸುತ್ತಮುತ್ತ ಇರಬಹುದು. ಹಲ್ಲಿನ ಬೆಲ್ಟಿನಲ್ಲಿ ಮಾತ್ರ ಈ ತೆವಳಿಕೆ ಸರಾಸರಿ ವೇಗವನ್ನು ಕೆಡಿಸುವುದಿಲ್ಲ, ಏಕೆಂದರೆ ಅಲ್ಲಿ ಎಣಿಕೆ ನಡೆಯುವುದು ಹಲ್ಲುಗಳಲ್ಲಿ.

ಇಷ್ಟೆಲ್ಲ ತಿಳಿದು ಟ್ಯಾಕೋಮೀಟರ್ ಹಿಡಿದು ಹೊರಟವರಿಗೆ ಒಂದು ಒಗಟು ಕಾದಿರುತ್ತದೆ. ಲೆಕ್ಕ 360 ಎನ್ನುತ್ತದೆ, ತೆವಳಿಕೆಯಿಂದ ಅದು 356 ಆಗಬೇಕು, ಉಪಕರಣ 370 ತೋರಿಸುತ್ತದೆ. ನಷ್ಟವಾಗಬೇಕಾದಲ್ಲಿ ಲಾಭ ಬಂದದ್ದು ಹೇಗೆ? ಬೆಲ್ಟಿಗೂ ದಪ್ಪವಿದೆ ಎಂಬುದನ್ನು ನಾವು ಮರೆತಿದ್ದೆವು. ಬಾಗಿದ ಬೆಲ್ಟಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವಿನ ಪದರವಷ್ಟೇ ತನ್ನ ಉದ್ದವನ್ನು ಉಳಿಸಿಕೊಳ್ಳುತ್ತದೆ. ಲೆಕ್ಕಕ್ಕೆ ಬೇಕಾದದ್ದು ಆ ಪದರದವರೆಗಿನ ತ್ರಿಜ್ಯ. ಬೆಲ್ಟ್ 4 ಮಿಲಿಮೀಟರ್ ದಪ್ಪವಿದ್ದರೆ ಎರಡೂ ತ್ರಿಜ್ಯಗಳಿಗೆ 2 ಮಿಲಿಮೀಟರ್ ಸೇರಿಸಬೇಕು. 4.2 ಮತ್ತು 16.2ರ ಅನುಪಾತ 3.86. ಸಣ್ಣ ಪುಲ್ಲಿಗೆ ಆ 2 ಮಿಲಿಮೀಟರ್ ದೊಡ್ಡ ಪಾಲು, ದೊಡ್ಡದಕ್ಕೆ ಲೆಕ್ಕಕ್ಕಿಲ್ಲ. ಹೀಗಾಗಿ ಯಂತ್ರದ ವೇಗ 373ಕ್ಕೆ ಏರುತ್ತದೆ, ಶೇಕಡಾ 1 ತೆವಳಿಕೆ ಕಳೆದರೆ 370ರ ಹತ್ತಿರ. ಹಾಗಾಗಿ ಜಾರಾಟವನ್ನು ಅಳೆಯುವವರು ಕಾಗದದ ಮೇಲಿನ 360ಕ್ಕೆ ಹೋಲಿಸಬಾರದು. ಮೊದಲು ಯಂತ್ರವನ್ನು ಹೊರೆಯಿಲ್ಲದೆ ಓಡಿಸಿ ಎರಡೂ ಅಚ್ಚುಗಳ ವೇಗವನ್ನು ಅಳೆದು ಅನುಪಾತ ಬರೆದುಕೊಳ್ಳಬೇಕು, ಆಮೇಲೆ ಹೊರೆ ಹಾಕಿ ಮತ್ತೊಮ್ಮೆ. ಎರಡೂ ಅಚ್ಚುಗಳನ್ನು ಅಳೆಯಲೇಬೇಕು, ಏಕೆಂದರೆ ಹೊರೆಯಿಲ್ಲದಾಗ ಮೋಟಾರು ಕೂಡ 1440ರಲ್ಲಿ ನಿಲ್ಲದೆ 1500ರತ್ತ ಏರಿರುತ್ತದೆ. 3.86 ಇದ್ದ ಅನುಪಾತ ಹೊರೆಯಲ್ಲಿ 3.9 ಆದರೆ ಅದು ತೆವಳಿಕೆ. 4.5 ದಾಟಿದರೆ ಬೆಲ್ಟ್ ಬಿಗಿಯಬೇಕು.