21 ದಿನ, ನಾಲ್ಕು ತಟ್ಟೆ ಹೆಸರುಕಾಳು

ನೀರಿನಲ್ಲಿ ಉಪ್ಪು ಹೆಚ್ಚಿದಂತೆ ಹೆಸರುಕಾಳಿನ ಮೊಳಕೆ ಎಷ್ಟು ಕುಗ್ಗುತ್ತದೆ? ಮೂರು ವಾರದ ವಿಜ್ಞಾನ ಯೋಜನೆಗೆ ಈ ಪ್ರಶ್ನೆಯನ್ನೇ ಇಟ್ಟುಕೊಳ್ಳೋಣ. ವರದಿಯನ್ನು ಒಂದೇ ರಾತ್ರಿ ಕುಳಿತು ಹೇಗೋ ಬರೆದು ಮುಗಿಸಬಹುದು, ಆದರೆ ಕಾಳು ನಮ್ಮ ಅವಸರಕ್ಕೆ ಮೊಳೆಯುವುದಿಲ್ಲ. ಹಾಗಾಗಿ ದಿನಗಳನ್ನು ಕೊನೆಯಿಂದ ಹಿಂದಕ್ಕೆ ಎಣಿಸಬೇಕು.

ಒಂದು ಸುತ್ತು ಪ್ರಯೋಗಕ್ಕೆ ಆರು ದಿನ ಬೇಕು. ಅದು ಕೆಟ್ಟರೆ ಮತ್ತೆ ಆರು ದಿನ. ಚಾರ್ಟ್ ಮತ್ತು ವರದಿಗೆ 17ರಿಂದ 21ನೆಯ ದಿನದವರೆಗೆ ಬಿಟ್ಟರೆ, ಮೊದಲ ಸುತ್ತು 5ನೆಯ ದಿನವೇ ಶುರುವಾಗಬೇಕು. ಅದಕ್ಕೂ ಮುಂಚಿನ ನಾಲ್ಕು ದಿನ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮೊದಲ ದಿನ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಎರಡನೆಯ ದಿನ ಹತ್ತು ಕಾಳನ್ನು ಬರಿಯ ನೀರಿನಲ್ಲಿ ನೆನೆಹಾಕಿ, ಮರುದಿನ ಒದ್ದೆ ಕಾಗದಕ್ಕೆ ಹಾಕಿ ಮುಚ್ಚಿಡಿ. ನಾಲ್ಕನೆಯ ದಿನಕ್ಕೂ ಐದಾರೇ ಮೊಳೆತಿದ್ದರೆ ಕಾಳು ಹಳತು, ಬೇರೆ ತನ್ನಿ. ಇದು ಹತ್ತನೆಯ ದಿನ ಗೊತ್ತಾದರೆ ಅಳುವುದೊಂದೇ ಉಳಿಯುತ್ತದೆ.

ದ್ರಾವಣವನ್ನು ನಾಲ್ಕನೆಯ ದಿನ ಮಾಡಿಡಿ. 10 ಗ್ರಾಂ ಉಪ್ಪಿಗೆ ನೀರು ಸೇರಿಸುತ್ತಾ ಒಟ್ಟು ಒಂದು ಲೀಟರ್ ಮಾಡಿ. ಅದರಲ್ಲಿ ಅರ್ಧ ಲೀಟರ್ ತೆಗೆದು ಅಷ್ಟೇ ನೀರು ಬೆರೆಸಿದರೆ ಲೀಟರಿಗೆ 5 ಗ್ರಾಂ. ಅದನ್ನೂ ಹಾಗೆಯೇ ಮಾಡಿದರೆ 2.5 ಗ್ರಾಂ. ನಾಲ್ಕನೆಯ ತಟ್ಟೆಗೆ ಬರಿಯ ನೀರು. ಒಂದೊಂದು ತಟ್ಟೆಗೂ 25 ಕಾಳು.

ಐದನೆಯ ದಿನದಿಂದ ಪ್ರತಿದಿನ ಒಂದೇ ಹೊತ್ತಿಗೆ ಎಣಿಸಿ. ಬೇರು 2 ಮಿಲಿಮೀಟರ್ ಹೊರಬಂದರೆ ಮಾತ್ರ ‘ಮೊಳೆತಿದೆ’ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಇಲ್ಲವಾದರೆ ಬಿರಿದ ಸಿಪ್ಪೆ ಇಂದು ಲೆಕ್ಕಕ್ಕೆ ಬರುತ್ತದೆ, ನಾಳೆ ಬರುವುದಿಲ್ಲ. ಎಣಿಕೆಗೆ ಹತ್ತು ನಿಮಿಷ ಹೋದರೆ, ಮಿಕ್ಕ ಹತ್ತು ನಿಮಿಷದಲ್ಲಿ ವರದಿಯ ಒಂದು ತುಣುಕು ಬರೆಯಿರಿ: ತಟ್ಟೆ ಜೋಡಿಸಿದ ಸಂಜೆಯೇ ವಿಧಾನ, ಮರುದಿನ ಸಾಮಗ್ರಿ, ಆಮೇಲೆ ಪ್ರತಿದಿನ ಗ್ರಾಫ್‌ನಲ್ಲಿ ನಾಲ್ಕು ಚುಕ್ಕೆ. ಎಷ್ಟು ನೀರು ಹಾಕಿದೆವೆಂಬುದು ವಾರ ಕಳೆದರೆ ನೆನಪಿರುವುದಿಲ್ಲ.

ನನ್ನ ಮೊದಲ ಸುತ್ತು ಎಂಟನೆಯ ದಿನ ಕೆಟ್ಟಿತು. ಮುಚ್ಚಳವಿಲ್ಲದ ತಟ್ಟೆಗಳಲ್ಲಿ ಕಾಗದ ಒಣಗಿತ್ತು. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ. 5 ಗ್ರಾಂನ ತಟ್ಟೆ ಎಷ್ಟು ಗ್ರಾಂನದಾಯಿತೋ ಹೇಳಲು ಬರುವಂತಿರಲಿಲ್ಲ. ಬರಿಯ ನೀರಿನ ತಟ್ಟೆಯಲ್ಲೂ ಬೇರಿನ ತುದಿ ಕಂದಾಗಿದ್ದರಿಂದ, ತಪ್ಪು ಉಪ್ಪಿನದಲ್ಲವೆಂದು ತಿಳಿಯಿತು. ಅಂದು ರಾತ್ರಿಯೇ ಕಾಳು ನೆನೆಹಾಕಿ, ಒಂಬತ್ತನೆಯ ದಿನ ಮುಚ್ಚಳವಿಟ್ಟು ಮತ್ತೆ ಆರಂಭಿಸಿದೆ. ಹದಿನಾಲ್ಕಕ್ಕೆ ಮುಗಿಯಿತು. ಕೆಟ್ಟ ಸುತ್ತಿನ ಕೋಷ್ಟಕವನ್ನು ಹರಿಯಲಿಲ್ಲ. ‘ಎದುರಾದ ದೋಷಗಳು’ ಎಂಬ ಭಾಗಕ್ಕೆ ಅದೇ ಒದಗಿತು.