ಪುಸ್ತಕದಲ್ಲಿ ಸಿಗದ ಸೂರಕ್ಕಿ

ದಾವಣಗೆರೆಯ ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಮನೆ ಮುಂದೆ ಒಂದು ದಾಸವಾಳದ ಗಿಡವಿದ್ದರೆ ಸೂರಕ್ಕಿ ಬಂದೇ ಬರುತ್ತದೆ. ಹಕ್ಕಿ ನೋಡಲು ಈಗಷ್ಟೇ ಶುರು ಮಾಡಿದವರು ಯಾವ ಪುಸ್ತಕ ಕೊಳ್ಳಬೇಕೆಂಬುದನ್ನು ಈ ಒಂದೇ ಹಕ್ಕಿಯಿಂದ ತೀರ್ಮಾನಿಸಬಹುದು.

ನವೆಂಬರ್ ಸುಮಾರಿಗೆ ಗಿಡದಲ್ಲಿ ಕಾಣುವ ಒಂದು ಸೂರಕ್ಕಿಯ ಹೊಟ್ಟೆ ಹಳದಿ, ಬೆನ್ನು ಮಾಸಲು ಕಂದು. ಗಂಟಲಿನಿಂದ ಎದೆಯ ನಡುವೆ ಶಾಯಿಯಲ್ಲಿ ಗೀಟು ಎಳೆದಂತೆ ಒಂದು ಕಪ್ಪು ಪಟ್ಟಿ. ಜಾತಿಗೊಂದೇ ಫೋಟೊ ಹಾಕಿರುವ ಪುಸ್ತಕದಲ್ಲಿ ಇದು ಸಿಗುವುದಿಲ್ಲ. ಅಲ್ಲಿರುವುದು ಮಿರಮಿರನೆ ಹೊಳೆಯುವ ಕಡುನೀಲಿ ‘ಪರ್ಪಲ್ ಸನ್‌ಬರ್ಡ್’ ಗಂಡು. ಗಿಡದಲ್ಲಿರುವುದೂ ಅದೇ ಗಂಡು! ಮರಿ ಮಾಡುವ ಕಾಲ ಮುಗಿದ ಮೇಲೆ ಗರಿ ಬದಲಿಸಿ, ಕೆಲವು ತಿಂಗಳು ಹೆಚ್ಚೂಕಡಿಮೆ ಹೆಣ್ಣಿನ ಬಣ್ಣದಲ್ಲೇ ಇರುತ್ತದೆ. ಇದಕ್ಕೆ ‘ಎಕ್ಲಿಪ್ಸ್’ ಎನ್ನುತ್ತಾರೆ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಸೂರಕ್ಕಿಯ ಪುಟ ತೆರೆಯಿರಿ. ಗಂಡು, ಹೆಣ್ಣು, ಎಕ್ಲಿಪ್ಸ್ ಮೂರನ್ನೂ ಪಕ್ಕಪಕ್ಕ ಬಿಡಿಸಿದ್ದಾರೆಯೇ ನೋಡಿ. ಮೊದಲ ಪುಸ್ತಕಕ್ಕೆ ಫೋಟೊಗಿಂತ ಕೈಚಿತ್ರವೇ ಮೇಲು. ಸೂರಕ್ಕಿಯ ಹೊಳಪು ಬೆಳಕಿನ ಆಟ. ನೆರಳಲ್ಲಿ ತೆಗೆದ ಫೋಟೊದಲ್ಲಿ ಅದು ಬರೀ ಕಪ್ಪು. ಜೊತೆಗೆ, ನಮ್ಮಲ್ಲಿ ಅಷ್ಟೇ ಸಾಮಾನ್ಯವಾದ ‘ಪರ್ಪಲ್-ರಂಪ್ಡ್’ ಹೆಣ್ಣನ್ನೂ ಪುಸ್ತಕ ಬೇರೆ ಮಾಡಿ ತೋರಿಸಬೇಕು: ಅದರ ಗಂಟಲು ಬೂದುಬಿಳಿ, ಎದೆ ಹಳದಿ. ‘ಪರ್ಪಲ್ ಸನ್‌ಬರ್ಡ್’ ಹೆಣ್ಣಿಗೆ ಗಂಟಲಿನಿಂದಲೇ ಹಳದಿ.

ಇಡೀ ಉಪಖಂಡದ ಪುಸ್ತಕವಾದರೆ ಅದೇ ಪುಟದಲ್ಲಿ ಹಿಮಾಲಯದ ಕೆಂಪು, ಹಸಿರು ಸೂರಕ್ಕಿಗಳೂ ಇರುತ್ತವೆ. ಹೊಸಬರು ಬೀಳುವುದೇ ಇಲ್ಲಿ, ಚಂದದ ಚಿತ್ರಕ್ಕೆ ಮನಸೋತು ದಾವಣಗೆರೆಯಲ್ಲಿ ಇಲ್ಲದ ಹಕ್ಕಿಯನ್ನು ‘ಕಂಡುಬಿಡುತ್ತಾರೆ’. ಯಾವ ಹಕ್ಕಿ ಎಲ್ಲೆಲ್ಲಿದೆಯೆಂದು ತೋರಿಸುವ ನಕ್ಷೆ ಚಿತ್ರದ ಎದುರು ಪುಟದಲ್ಲೇ ಇದ್ದರೆ ಈ ತಪ್ಪು ಕಡಿಮೆ. ಗ್ರಿಮೆಟ್ ಮತ್ತು ಇನ್‌ಸ್ಕಿಪ್ ಅವರ ‘ಬರ್ಡ್ಸ್ ಆಫ್ ಸದರ್ನ್ ಇಂಡಿಯಾ’ದಂತೆ ದಕ್ಷಿಣಕ್ಕೆ ಸೀಮಿತವಾದದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಸಲೀಂ ಅಲಿಯವರ 1941ರ ‘ದ ಬುಕ್ ಆಫ್ ಇಂಡಿಯನ್ ಬರ್ಡ್ಸ್’, ತೇಜಸ್ವಿಯವರ ‘ಹಕ್ಕಿ ಪುಕ್ಕ’ ಮನೆಯಲ್ಲಿ ಕೂತು ಓದಲಿಕ್ಕೆ. ಹಳೆಯ ಪ್ರತಿ ಕೈಗೆ ಬಂದರೆ ಹೆಸರುಗಳ ಬಗ್ಗೆ ಎಚ್ಚರವಿರಲಿ. ಕನ್ನಡದ ಹೆಸರು ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗುತ್ತದೆ, ವೈಜ್ಞಾನಿಕ ಹೆಸರೂ ಬದಲಾಗಿದೆ. ಇದೇ ‘ಪರ್ಪಲ್ ಸನ್‌ಬರ್ಡ್’ ಹಿಂದೆ ‘ನೆಕ್ಟರಿನಿಯ ಏಷ್ಯಾಟಿಕ’, ಈಗ ‘ಸಿನ್ನಿರಿಸ್ ಏಷ್ಯಾಟಿಕಸ್’. ಎರಡನೆಯ ಪದ ಹೆಚ್ಚು ಬದಲಾಗುವುದಿಲ್ಲ. ಸೂಚಿಯಲ್ಲಿ ಅದನ್ನು ಹಿಡಿದು ಹುಡುಕಿ.

ಹಕ್ಕಿ ಎದುರಿಗಿರುವಾಗ ಪುಸ್ತಕ ತೆರೆಯಬೇಡಿ, ಪುಟ ತಿರುವುವಷ್ಟರಲ್ಲಿ ಅದು ಹಾರಿರುತ್ತದೆ. ಗಂಟಲು, ಹೊಟ್ಟೆ, ಕೊಕ್ಕು ಹೇಗಿವೆಯೆಂದು ಮೊದಲು ಬರೆದುಕೊಳ್ಳಿ. ಅದೇ ಗಿಡವನ್ನು ಚಳಿ ಮುಗಿಯುವವರೆಗೂ ಗಮನಿಸಿದರೆ ಹಳದಿಯ ಮೇಲೆ ಅಲ್ಲಲ್ಲಿ ನೀಲಿ ತೇಪೆ ಹಚ್ಚಿದಂಥ ಗಂಡು ಕಾಣುತ್ತದೆ. ಒಂದು ಹಕ್ಕಿಯ ತೇಪೆ ಇನ್ನೊಂದರಂತಿರುವುದಿಲ್ಲವಾದ್ದರಿಂದ ಅದರ ತದ್ರೂಪನ್ನು ಚಿತ್ರಗಳಲ್ಲಿ ಹುಡುಕಿ ಪ್ರಯೋಜನವಿಲ್ಲ.