ಲೋಡ್ ಫ್ಯಾಕ್ಟರ್, ಲಾಸ್ ಫ್ಯಾಕ್ಟರ್ ಮತ್ತು ತಾಂತ್ರಿಕ ನಷ್ಟದ ಅಂದಾಜು

ಒಂದು ಅವಧಿಯ ಸರಾಸರಿ ಲೋಡನ್ನು ಅದೇ ಅವಧಿಯ ಗರಿಷ್ಠ ಲೋಡಿನಿಂದ ಭಾಗಿಸಿದರೆ ಬರುವುದು ಲೋಡ್ ಫ್ಯಾಕ್ಟರ್. ಇದೇ ರೀತಿ, ಸರಾಸರಿ ನಷ್ಟವನ್ನು ಗರಿಷ್ಠ ಲೋಡಿನ ಹೊತ್ತಿನ ನಷ್ಟದಿಂದ ಭಾಗಿಸಿದರೆ ಲಾಸ್ ಫ್ಯಾಕ್ಟರ್ ಸಿಗುತ್ತದೆ. ತಂತಿಯಲ್ಲಿನ ನಷ್ಟವು ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಇವೆರಡೂ ಸಾಮಾನ್ಯವಾಗಿ ಸಮವಾಗಿರುವುದಿಲ್ಲ. ಲೋಡ್ ಅರ್ಧಕ್ಕೆ ಇಳಿದರೆ ನಷ್ಟವು ಕಾಲು ಭಾಗಕ್ಕೆ ಇಳಿಯುತ್ತದೆ.

ಲೋಡ್ ಫ್ಯಾಕ್ಟರ್ 0.5 ಎಂದಷ್ಟೇ ತಿಳಿದರೆ ಲಾಸ್ ಫ್ಯಾಕ್ಟರ್ ನಿಶ್ಚಯವಾಗುವುದಿಲ್ಲ. ಕ್ಷಣಕಾಲ ಗರಿಷ್ಠ ಮಟ್ಟ ಮುಟ್ಟಿ ಉಳಿದ ಹೊತ್ತೆಲ್ಲ ಅರ್ಧ ಲೋಡಿನಲ್ಲಿರುವ ಫೀಡರಿನಲ್ಲಿ ಅದು 0.25ರ ಆಸುಪಾಸಿನಲ್ಲಿದ್ದರೆ, ಅರ್ಧ ದಿನ ಪೂರ್ಣ ಲೋಡ್, ಅರ್ಧ ದಿನ ಶೂನ್ಯ ಎಂಬಂತೆ ನಡೆಯುವ ಫೀಡರಿನಲ್ಲಿ 0.5 ಆಗುತ್ತದೆ. ಈ ಎರಡು ಮಿತಿಗಳ ನಡುವೆ ಒಂದು ಬೆಲೆಯನ್ನು ಊಹಿಸಲು, ಲೋಡ್ ಫ್ಯಾಕ್ಟರಿನ 0.2 ಪಾಲಿಗೆ ಅದರ ವರ್ಗದ 0.8 ಪಾಲನ್ನು ಕೂಡಿಸುವ ಸೂತ್ರ ಬಳಕೆಯಲ್ಲಿದೆ. ಈ ಗುಣಾಂಕಗಳು ಭೌತಶಾಸ್ತ್ರದ ನಿಯಮದಿಂದ ಬಂದವಲ್ಲ, ಅನುಭವದಿಂದ ಬಂದವು.

11 ಕೆ.ವಿ. ಫೀಡರೊಂದನ್ನು ಊಹಿಸಿಕೊಳ್ಳೋಣ. ಗರಿಷ್ಠ ಲೋಡ್ 2000 ಕಿಲೋವ್ಯಾಟ್, ವರ್ಷದಲ್ಲಿ ಹರಿದ ವಿದ್ಯುತ್ 87.6 ಲಕ್ಷ ಯೂನಿಟ್. ಇದನ್ನು ವರ್ಷದ 8760 ಗಂಟೆಗಳಿಂದ ಭಾಗಿಸಿದರೆ ಸರಾಸರಿ 1000 ಕಿಲೋವ್ಯಾಟ್, ಅಂದರೆ ಲೋಡ್ ಫ್ಯಾಕ್ಟರ್ 0.5, ಸೂತ್ರದ ಪ್ರಕಾರ ಲಾಸ್ ಫ್ಯಾಕ್ಟರ್ 0.1 + 0.2 = 0.3. ಗರಿಷ್ಠ ಲೋಡಿನಲ್ಲಿ ತಂತಿಗಳ ನಷ್ಟ 100 ಕಿಲೋವ್ಯಾಟ್ ಎಂದು ಲೋಡ್ ಫ್ಲೋ ಲೆಕ್ಕದಿಂದ ತಿಳಿದಿದ್ದರೆ, ವರ್ಷದ ನಷ್ಟ 100 × 0.3 × 8760, ಅಂದರೆ 2,62,800 ಯೂನಿಟ್. ಇದು ಹರಿದ ವಿದ್ಯುತ್ತಿನ ಶೇ. 3. ಅವಸರದಲ್ಲಿ ಲೋಡ್ ಫ್ಯಾಕ್ಟರನ್ನೇ ಗುಣಿಸಿದವರಿಗೆ ಅದು ಶೇ. 5 ಎಂದು ಕಾಣುತ್ತದೆ, ಆಗ ಕಳ್ಳತನದಿಂದಲೋ ಮೀಟರ್ ದೋಷದಿಂದಲೋ ಹೋದ ವಿದ್ಯುತ್ತಿನ ಒಂದು ಪಾಲು ತಾಂತ್ರಿಕ ನಷ್ಟದ ಹೆಸರಿನಲ್ಲಿ ಅಡಗಿಬಿಡಬಹುದು.

ಪರಿವರ್ತಕಗಳ ಕಬ್ಬಿಣದ ತಿರುಳಿನಲ್ಲಾಗುವ ನಷ್ಟವನ್ನು ಈ ಲೆಕ್ಕದೊಳಗೆ ಸೇರಿಸಬಾರದು. ಅದು ವೋಲ್ಟೇಜನ್ನು ಅವಲಂಬಿಸಿದ್ದು, ಲೋಡ್ ಇರಲಿ ಬಿಡಲಿ, ಪರಿವರ್ತಕ ಚಾಲನೆಯಲ್ಲಿರುವಷ್ಟು ಹೊತ್ತೂ ನಡೆಯುತ್ತದೆ. ಈ ಫೀಡರಿನ ಪರಿವರ್ತಕಗಳಲ್ಲಿ ಅದು ಒಟ್ಟು 10 ಕಿಲೋವ್ಯಾಟ್ ಎಂದಾದರೆ ವರ್ಷಕ್ಕೆ 87,600 ಯೂನಿಟ್ ಆಗುತ್ತದೆ, ಅದನ್ನೂ 0.3ರಿಂದ ಗುಣಿಸಿದರೆ ಮೂರನೇ ಎರಡು ಪಾಲಿಗಿಂತ ಹೆಚ್ಚು ಲೆಕ್ಕದಿಂದ ಜಾರಿಹೋಗುತ್ತದೆ. ತಾಮ್ರದ ಸುರುಳಿಯ ನಷ್ಟ ಮಾತ್ರ ತಂತಿಯ ನಷ್ಟದಂತೆಯೇ ಲಾಸ್ ಫ್ಯಾಕ್ಟರಿಗೆ ಒಳಪಡುತ್ತದೆ.

ನನಗೆ ಹೆಚ್ಚು ಅನುಮಾನ ಬರುವುದು ದಾಖಲಾದ ಗರಿಷ್ಠ ಲೋಡಿನ ಮೇಲೆ. ಪಕ್ಕದ ಫೀಡರ್ ಕೆಟ್ಟಾಗ ಅದರ ಲೋಡನ್ನು ಕೆಲಹೊತ್ತು ಈ ಫೀಡರಿಗೆ ವರ್ಗಾಯಿಸಿದ್ದರೆ ಮೀಟರ್ 3000 ಕಿಲೋವ್ಯಾಟ್ ತೋರಿಸಬಹುದು. ಆಗ ಲೋಡ್ ಫ್ಯಾಕ್ಟರ್ 0.33ಕ್ಕೂ ಲಾಸ್ ಫ್ಯಾಕ್ಟರ್ ಸುಮಾರು 0.156ಕ್ಕೂ ಕುಸಿಯುತ್ತವೆ, ಗರಿಷ್ಠ ನಷ್ಟ 225 ಕಿಲೋವ್ಯಾಟಿಗೆ ಏರುತ್ತದೆ, ಸರಾಸರಿ ನಷ್ಟ 30ರ ಬದಲು 35 ಕಿಲೋವ್ಯಾಟ್ ಎಂದು ಬರುತ್ತದೆ. ಲೋಡ್ ದಾಖಲೆಯಲ್ಲಿ ಆ ಒಂದು ಶಿಖರ ಉಳಿದ ದಿನಗಳ ಗರಿಷ್ಠ ಮಟ್ಟಕ್ಕಿಂತ ಬಹಳ ಮೇಲೆ ಒಂಟಿಯಾಗಿ ನಿಂತಿದ್ದರೆ ಅದನ್ನು ಬದಿಗಿಡಬೇಕು.

ಗಂಟೆಗಂಟೆಯ ಕರೆಂಟಿನ ದಾಖಲೆ ಇದ್ದರೆ ಸೂತ್ರದ ಹಂಗೇ ಬೇಕಿಲ್ಲ. ಪ್ರತಿ ಗಂಟೆಯ ಕರೆಂಟಿನ ವರ್ಗಗಳ ಸರಾಸರಿಯನ್ನು ಗರಿಷ್ಠ ಕರೆಂಟಿನ ವರ್ಗದಿಂದ ಭಾಗಿಸಿದರಾಯಿತು. ದಿನಕ್ಕೆ 6 ಗಂಟೆ ಪೂರ್ಣ ಲೋಡ್, 18 ಗಂಟೆ ಅದರ ಮೂರನೇ ಒಂದು ಪಾಲು ಇರುವ ಫೀಡರಿನ ಲೋಡ್ ಫ್ಯಾಕ್ಟರ್ ಕೂಡ 0.5ವೇ, ಆದರೆ ಹೀಗೆ ನೇರವಾಗಿ ಲೆಕ್ಕ ಹಾಕಿದಾಗ ಲಾಸ್ ಫ್ಯಾಕ್ಟರ್ 0.33 ಬರುತ್ತದೆ, ಅಂದರೆ ಸೂತ್ರವು ಅಲ್ಲಿನ ನಷ್ಟವನ್ನು ಹತ್ತನೇ ಒಂದು ಪಾಲಿನಷ್ಟು ಕಡಿಮೆ ತೋರಿಸುತ್ತದೆ.